ಬೀಗಿತ್ತಿಗೆ ಗಲ್ಲಾ ಕಲಿಸಿದ ಎರಡು ವಾರ

ಅಂಗಡಿಯಮ್ಮನ ಹತ್ತಿರ ಕೆಲಸಕ್ಕೆ ಸೇರಿದವರಲ್ಲಿ ಕೆಲಸ ಬಿಟ್ಟವರು ಅಂತ ಯಾರೂ ಇಲ್ಲ, ಎಲ್ಲರೂ ಓಡಿಹೋದವರೇ. ಕೊನೆಯವನು ಊಟಕ್ಕೆ ಹೋಗಿ ಬರ್ತೀನಿ ಅಂತ ಹೋದವನು ಇನ್ನೂ ಊಟ ಮಾಡುತ್ತಲೇ ಇದ್ದಾನೆ. ಹೀಗೆಂದು ಊರೆಲ್ಲ ಆಡಿಕೊಂಡು ನಗುವುದಕ್ಕೆ ಮೊದಲೇ ಅಂಗಡಿಯಮ್ಮ ತಾನೇ ಹೇಳಿ ತಾನೇ ನಗುತ್ತಿದ್ದಳು. ತನ್ನ ನಾಲಿಗೆಯ ಹರಿತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅದು ಮೊಂಡಾಗಲಿಲ್ಲ, ಅಷ್ಟೆ.

ಸೋಪು, ಪೆನ್ನು, ಬಲ್ಬು, ಬಿಸ್ಕತ್ತು, ಒಂದು ಮೂಲೆಯಲ್ಲಿ ತೂಗಿ ಕೊಡುವ ಅಕ್ಕಿ, ಬೇಳೆ, ಎಣ್ಣೆ, ಇಷ್ಟರ ಅಂಗಡಿ ಅದು. ಗಂಡ ತೀರಿಕೊಂಡ ಮೇಲೆ ಅವಳೊಬ್ಬಳೇ ನಡೆಸಿಕೊಂಡು ಬಂದಿದ್ದಳು. ಈಗ ಮಂಡಿ ಕೈಕೊಟ್ಟಿತ್ತು. ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತುಮಾಡಿ, ಆಮೇಲೆ ಒಂದೂವರೆ ತಿಂಗಳು ಅಂಗಡಿಯ ಕಡೆ ತಲೆ ಹಾಕಿಯೂ ಮಲಗಬೇಡಿ ಎಂದಿದ್ದರು. ಮಗ ದೂರದ ಊರುಗಳಿಗೆ ಲಾರಿ ಓಡಿಸುವವನು, ಮನೆಗೆ ಬರುವುದೇ ಅಪರೂಪ. ಬೀದಿಯ ಆಚೆ ಬದಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಯೊಂದು ಹೊಸದಾಗಿ ತೆರೆದಿತ್ತು. ಇವಳು ಒಂದೂವರೆ ತಿಂಗಳು ಬಾಗಿಲು ಹಾಕಿದರೆ ಗಿರಾಕಿಗಳಿಗೆ ಆ ಗಾಜಿನ ಬಾಗಿಲು ಅಭ್ಯಾಸವಾಗಿಬಿಡುತ್ತದೆ, ಆಮೇಲೆ ಹೊಸ ಮಂಡಿ ಇಟ್ಟುಕೊಂಡು ನೊಣ ಹೊಡೆಯುತ್ತ ಕೂರಬೇಕಷ್ಟೆ. ಗಲ್ಲಾದಲ್ಲಿ ಕೂರುವವರು ಎರಡು ವಾರದೊಳಗೆ ತಯಾರಾಗಲೇಬೇಕಿತ್ತು.

ಇವಳ ಹೆಸರು ಕೇಳಿದರೆ ಕೆಲಸಕ್ಕೆ ಬರುವವರು ಯಾರೂ ಉಳಿದಿರಲಿಲ್ಲ. ಆಗ ಸೊಸೆಯೇ ಒಂದು ದಾರಿ ತೋರಿಸಿದಳು.

"ಅತ್ತೆ, ನಮ್ಮಮ್ಮ ಇದಾರಲ್ಲ. ಸುಮ್ನೆ ಕೂತು ಕೂತು ಅವ್ರಿಗೂ ಬೇಜಾರಾಗಿದೆ."

ಸೊಸೆಯ ತಾಯಿ ಬಂದು ಐದಾರು ತಿಂಗಳಾಗಿತ್ತು. ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕರು ಮಾರಿಬಿಟ್ಟಿದ್ದರಿಂದ ಮಗಳು ಕರೆದುಕೊಂಡು ಬಂದಿದ್ದಳು. ಒಂದು ಕಾಲಕ್ಕೆ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಕೂರಿಸಿ, ಕರೆದು, ಒಳಗೆ ಕಳಿಸುವ ಕೆಲಸದಲ್ಲಿದ್ದವರು. ಮೆತ್ತಗಿನ ಮಾತು, ಮೆತ್ತಗಿನ ನಡಿಗೆ. ಮನೆಯಲ್ಲಿ ಇದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಂಗಡಿಯಮ್ಮನಿಗೆ ಅವರನ್ನು ಕಂಡರೆ ಗೌರವ, ಗೌರವಕ್ಕಿಂತ ಹೆಚ್ಚಾಗಿ ಹೆದರಿಕೆ. ಬೀಗಿತ್ತಿಯ ಮನಸ್ಸು ನೋಯಿಸಿದರೆ ಸೊಸೆಯ ಮುಖ ಊದಿಕೊಳ್ಳುತ್ತದೆ, ಸೊಸೆಯ ಮುಖ ಊದಿದರೆ ಮಗನ ಫೋನು ಬರುತ್ತದೆ. ಅಷ್ಟುದ್ದದ ನಾಲಿಗೆಯ ಹೆಂಗಸು ಬೀಗಿತ್ತಿ ಎದುರು ಬಂದರೆ ಬಾಯಿಗೆ ಬೀಗ ಹಾಕಿಕೊಂಡುಬಿಡುತ್ತಿದ್ದಳು. ಬಹುಶಃ ಆ ಸಂಬಂಧಕ್ಕೆ ಆ ಹೆಸರಿಟ್ಟವರು ಇದನ್ನೆಲ್ಲ ಯೋಚಿಸಿಯೇ ಇಟ್ಟಿರಬೇಕು ಎಂದುಕೊಳ್ಳುತ್ತಿದ್ದಳು.

ಸೊಸೆಗೆ ಈ ವಿಷಯದಲ್ಲಿ ಅನುಭವವಿತ್ತು. ಪೇಟೆಯ ದೊಡ್ಡ ಮಳಿಗೆಯೊಂದರಲ್ಲಿ ಹೊಸ ಕ್ಯಾಷಿಯರ್‌ಗಳನ್ನು ತಯಾರು ಮಾಡುವುದೇ ಅವಳ ಕೆಲಸ. ಒಂದು ಸಂಜೆ ಕೂತು ಅಂಗಡಿಗೆ ತಕ್ಕ ಹಾಗೆ ಎರಡು ವಾರದ ಹಾಳೆಯೊಂದನ್ನು ಮಾಡಿಕೊಟ್ಟಳು. ಮೊದಲ ವಾರ ಸಾಮಾನು ಎಲ್ಲೆಲ್ಲಿದೆ, ಬೆಲೆ ಓದುವುದು ಹೇಗೆ, ಬೆಳಿಗ್ಗೆ ಚಿಲ್ಲರೆ ಎಣಿಸಿ ಗಲ್ಲಾ ತೆರೆಯುವುದು, ಸ್ಕ್ಯಾನರ್ ಹಿಡಿಯುವುದು, ತೂಕದ ಯಂತ್ರದಲ್ಲಿ ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿಕೊಂಡೇ ತೂಗುವುದು, ಗಿರಾಕಿ ಕೊಟ್ಟ ನೋಟನ್ನು ಚಿಲ್ಲರೆ ಕೊಟ್ಟು ಮುಗಿಯುವ ತನಕ ಪೆಟ್ಟಿಗೆಯೊಳಗೆ ಹಾಕದೆ ಕಣ್ಣೆದುರೇ ಇಟ್ಟುಕೊಳ್ಳುವುದು. ಎರಡನೆಯ ವಾರ ಫೋನಿನಲ್ಲಿ ಬರುವ ದುಡ್ಡು, ವಾಪಸು ಬಂದ ಸಾಮಾನು, ತಪ್ಪಾದ ಬಿಲ್ಲನ್ನು ರದ್ದು ಮಾಡುವುದು, ಹಳೆಯ ಸರಕು ಮುಂದೆ ಹೊಸದು ಹಿಂದೆ, ರಾತ್ರಿ ಲೆಕ್ಕ ತಾಳೆ ನೋಡುವುದು. ಪ್ರತಿ ಸಾಲಿನ ಮುಂದೆ ಮೂರು ಕಾಲಂ: ಹೇಳಿದ್ದು, ಮಾಡಿ ತೋರಿಸಿದ್ದು, ಅವರೇ ಮಾಡಿದ್ದು.

"ಮೂರನೇದಕ್ಕೆ ಟಿಕ್ ಬೀಳೋ ತನಕ ಕಲ್ತಂಗಲ್ಲ ಅತ್ತೆ," ಎಂದಳು ಸೊಸೆ.

ಅಂಗಡಿಯಮ್ಮ ತಲೆಯಾಡಿಸಿದಳು. ಸೊಸೆ ಅತ್ತ ಹೋದ ಮೇಲೆ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಮೂಗು ಮುರಿದಳು. ಒಂದೇ ಸಾಲಿಗೆ ಮೂರು ಸಲ ಟಿಕ್ ಹಾಕಲು ತಾನೇನು ಸರ್ಕಾರಿ ಕಚೇರಿಯೇ? ಮೂರೂ ಕಾಲಂ ಹೊಡೆದುಹಾಕಿ, ಪಕ್ಕದಲ್ಲಿ ಒಂದೇ ಒಂದು ಕಾಲಂ ಎಳೆದು, ಮೇಲೆ ದಪ್ಪಕ್ಷರದಲ್ಲಿ ‘ಆಯ್ತು’ ಎಂದು ಬರೆದಳು. ಅಷ್ಟು ವರ್ಷ ವ್ಯಾಪಾರ ಮಾಡಿದ ತಲೆ ಅದು, ಉಳಿತಾಯ ಮಾಡದೆ ಸುಮ್ಮನಿರುವುದುಂಟೇ.

ಮೊದಲ ದಿನದ ಪಾಠ ಬಹಳ ಚೆನ್ನಾಗಿ ನಡೆಯಿತು. ಪಾಠ ಹೇಳಿದವಳಿಗೆ ಹಾಗನಿಸಿತು. ಅಂಗಡಿಯಮ್ಮ ಕಪಾಟಿನಿಂದ ಕಪಾಟಿಗೆ ಕುಂಟುತ್ತ ನಡೆದು ಎಲ್ಲ ತೋರಿಸಿದಳು, ಬೀಗಿತ್ತಿ ಕೈಕಟ್ಟಿಕೊಂಡು ಹಿಂದೆ ಹಿಂದೆ ಬಂದರು.

"ಇಷ್ಟೇ ಬೀಗರೇ. ಆಯ್ತಾ?"

"ಆಯ್ತು ಬೀಗರೇ."

ಟಿಕ್ ಬಿತ್ತು. ಸ್ಕ್ಯಾನರಿನ ಪಾಠ ಅದಕ್ಕಿಂತ ಚುರುಕು. ಅಂಗಡಿಯಮ್ಮ ಸಾಮಾನು ಎತ್ತಿ, ಟುಂಯ್ ಅನ್ನಿಸಿ, ಮೂರು ಬಟನ್ ಒತ್ತಿ, ಪೆಟ್ಟಿಗೆ ತೆರೆದು ಮುಚ್ಚಿದಳು. ಎಷ್ಟು ವೇಗವೆಂದರೆ ಅವಳ ಬೆರಳು ಎಲ್ಲಿ ಹೋಯಿತೆಂದು ಅವಳಿಗೇ ಕಾಣಲಿಲ್ಲ. "ಆಯ್ತಾ?" "ಆಯ್ತು." ಬೀಗಿತ್ತಿಯ ಕೈಗೆ ಸ್ಕ್ಯಾನರ್ ಕೊಟ್ಟು ಎಲ್ಲಿ ಮಾಡಿ ನೋಡೋಣ ಎನ್ನಬೇಕೆಂದು ಒಂದು ಸಲ ಅನ್ನಿಸಿತು. ಅವರು ತಪ್ಪು ಮಾಡಿದರೆ ತಪ್ಪು ಎನ್ನಬೇಕಾಗುತ್ತದೆ. ಬೀಗಿತ್ತಿಯ ಎದುರು ಆ ಮಾತು ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಅಲ್ಲದೆ ಇಷ್ಟು ಬೇಗ ಅರ್ಥ ಮಾಡಿಕೊಳ್ಳುವವರನ್ನು ಪರೀಕ್ಷೆ ಮಾಡುವುದು ಮರ್ಯಾದೆಯೂ ಅಲ್ಲ.

ಹೀಗೆ ಎರಡು ವಾರದ ಹಾಳೆ ಐದೇ ದಿನಕ್ಕೆ ಮುಗಿದುಹೋಯಿತು. ಅಂಗಡಿಯಮ್ಮನಿಗೆ ತನ್ನ ಬಗ್ಗೆಯೇ ಅಭಿಮಾನ ಉಕ್ಕಿ ಬಂತು. ಇಷ್ಟು ದಿನ ತಾನು ಕಲಿಸಲು ಬಾರದವಳಲ್ಲ, ಬಂದವರು ಕಲಿಯಲು ಬಾರದವರು ಎಂದು ತೀರ್ಮಾನಿಸಿಕೊಂಡಳು. ತಾನು ಮೇಷ್ಟರಾಗಬೇಕಿತ್ತು ಎಂದು ಪಕ್ಕದ ಟೈಲರ ಹತ್ತಿರ ಹೇಳಿಯೂ ಬಂದಳು. ಟೈಲರು ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದರಿಂದ ಏನೂ ಹೇಳಲಿಲ್ಲ.

ಆರನೆಯ ದಿನ ಆಪರೇಷನ್ನಿಗೆ ಮುಂಚಿನ ರಕ್ತ ಪರೀಕ್ಷೆ ಇತ್ತು. "ಬೀಗರೇ, ಮಧ್ಯಾಹ್ನದ ತನಕ ಅಂಗಡಿ ನಿಮ್ದು," ಎಂದು ಗಲ್ಲಾದ ಕೀಲಿಕೈ ಅವರ ಕೈಗಿಟ್ಟಳು. ಬೀಗಿತ್ತಿಯ ಮುಖ ಬಿಳಿಚಿತು. ಅಂಗಡಿಯಮ್ಮ ಅದನ್ನು ವಿನಯ ಎಂದುಕೊಂಡಳು.

"ಆಯ್ತು ಬೀಗರೇ," ಎಂದರು ಅವರು.

ಮಧ್ಯಾಹ್ನ ಆಟೋದಿಂದ ಇಳಿದಾಗ ಅಂಗಡಿಯಮ್ಮ ಬೇರೆ ಯಾರದೋ ಬಾಗಿಲಿಗೆ ಬಂದೆನೇನೋ ಎಂದು ಬೋರ್ಡು ನೋಡಿಕೊಂಡಳು. ಒಳಗೆ ಗೋಡೆಯ ಉದ್ದಕ್ಕೂ ಜನ ಸಾಲಾಗಿ ಕೂತಿದ್ದರು. ಕೆಲವರು ಸ್ಟೂಲಿನ ಮೇಲೆ, ಕೆಲವರು ಅಕ್ಕಿ ಮೂಟೆಯ ಮೇಲೆ, ಒಬ್ಬ ಹಿರಿಯರು ಎಣ್ಣೆ ಡಬ್ಬದ ಮೇಲೆ. ಎಲ್ಲರ ತೊಡೆಯ ಮೇಲೂ ಅವರವರ ಸಾಮಾನು, ಕೈಯಲ್ಲಿ ಒಂದೊಂದು ಚೀಟಿ. ಚೀಟಿಯ ಮೇಲೆ ನಂಬರ್. ಕೆಲವರ ಕೈಯಲ್ಲಿ ಟೀ ಲೋಟವೂ ಇತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖದಲ್ಲಿರುವ ಗಾಂಭೀರ್ಯ ಎಲ್ಲರ ಮುಖದಲ್ಲೂ ಇತ್ತು.

ಬೀಗಿತ್ತಿ ಬಾಗಿಲ ಬಳಿ ನಿಂತು, ಆಗ ತಾನೇ ಬಂದ ಹೆಂಗಸೊಬ್ಬಳಿಗೆ ಮೆಲ್ಲಗೆ ಹೇಳುತ್ತಿದ್ದರು: "ಕೂತ್ಕೊಳ್ಳಿ, ಈಗ ಬರ್ತಾರೆ. ನಿಮ್ಮ ಮುಂದೆ ಎಂಟು ಜನ ಇದಾರೆ."

ಬೆಳಿಗ್ಗೆಯಿಂದ ಒಂದು ಬಿಲ್ಲೂ ಆಗಿರಲಿಲ್ಲ. ಮೊದಲ ಗಿರಾಕಿಗೇ ಯಂತ್ರ ಹಠ ಹಿಡಿದು ಕೀಂಯ್‌ಗುಟ್ಟಿತ್ತು, ಪೆಟ್ಟಿಗೆ ತೆರೆಯಲಿಲ್ಲ. ಮುಂದೇನು ಮಾಡಬೇಕೆಂದು ಬೀಗಿತ್ತಿಗೆ ತಿಳಿಯಲಿಲ್ಲ. ತಮಗೆ ತಿಳಿದಿದ್ದನ್ನು ಅವರು ಮಾಡಿದ್ದರು. ಡಾಕ್ಟರು ಬರುವ ತನಕ ಎಲ್ಲರನ್ನೂ ಸಾಲಾಗಿ ಕೂರಿಸಿದ್ದರು.

ಅಂಗಡಿಯಮ್ಮ ನೇರ ಗಲ್ಲಾಕ್ಕೆ ಹೋಗಿ ಒಂದರ ಹಿಂದೆ ಒಂದು ಬಿಲ್ಲು ಹೊಡೆದಳು. ಬೀಗಿತ್ತಿ ನಂಬರ್ ಕೂಗಿದರು. ಎಣ್ಣೆ ಡಬ್ಬದ ಹಿರಿಯರು ಹೋಗುವಾಗ, ಇಷ್ಟು ವರ್ಷದಲ್ಲಿ ಈ ಅಂಗಡಿಯಲ್ಲಿ ಕೂತ್ಕೊಳ್ಳಿ ಅಂದವರು ಇವರೊಬ್ಬರೇ ನೋಡಮ್ಮ ಎಂದು ಹೇಳಿ ಹೋದರು. ಅಂಗಡಿಯಮ್ಮನಿಗೆ ನಗು ಬರಬೇಕಿತ್ತು, ಬರಲಿಲ್ಲ. ಆಪರೇಷನ್ನಿಗೆ ಉಳಿದಿದ್ದು ಒಂದೇ ವಾರ. ಅಂಗಡಿ ಕೈತಪ್ಪಿದ ಹಾಗೇ ಅನ್ನಿಸಿತು.

ಜನ ಖಾಲಿಯಾದ ಮೇಲೆ ಇಬ್ಬರೂ ಪೈಪೋಟಿಗೆ ಬಿದ್ದವರ ಹಾಗೆ ತಪ್ಪು ಒಪ್ಪಿಕೊಳ್ಳತೊಡಗಿದರು.

"ನಂದೇ ತಪ್ಪು ಬೀಗರೇ," ಎಂದರು ಬೀಗಿತ್ತಿ.

"ಅಯ್ಯೋ, ನಿಮ್ದೇನು ತಪ್ಪು ಬೀಗರೇ, ಆ ಯಂತ್ರದ್ದು."

"ಯಂತ್ರದ್ದೇನಿಲ್ಲ. ನಂಗೆ ಬರಲ್ಲ."

"ಮತ್ತೆ ಅವತ್ತು ಕೇಳ್ದಾಗ ಆಯ್ತು ಅಂದ್ರಿ?"

ಬೀಗಿತ್ತಿ ಸೆರಗಿನ ಅಂಚು ಸರಿಮಾಡಿಕೊಂಡರು. "ನೀವು ಆಯ್ತಾ ಅಂತ ಕೇಳಿದ್ರಿ. ನೀವು ಹೇಳಿದಂಗೇ ಆಗ್ಲಿ ಅಂತ ನಾನು ಆಯ್ತು ಅಂದೆ. ಮಗಳ ಮನೇಲಿ ಇದ್ಕೊಂಡು, ನಂಗೆ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳಿ ಅಂತ ನಿಮ್ಮನ್ನ ಹೆಂಗೆ ಕೇಳೋದು? ಅವಳಮ್ಮ ದಡ್ಡಿ ಅಂತ ನಾಳೆ ಅವಳಿಗೆ ಮಾತು ಬರಬಾರದಲ್ಲ."

ಅಂಗಡಿಯಮ್ಮ ಹಾಳೆ ತೆಗೆದು ನೋಡಿದಳು. ಮೇಲಿಂದ ಕೆಳಗೆ ಟಿಕ್ಕುಗಳ ಸಾಲು, ಒಂದೂ ತಪ್ಪಿರಲಿಲ್ಲ. ಕಲಿಸಿದೆ ಎಂದು ಇವಳು, ಹೂಂ ಎಂದು ಅವರು. ಇಬ್ಬರ ಮರ್ಯಾದೆಯೂ ಆ ಒಂದು ಕಾಲಮ್ಮಿನೊಳಗೆ ಸುಖವಾಗಿ ಕೂತಿತ್ತು. ಸೊಸೆಯ ಮೂರು ಕಾಲಮ್ಮನ್ನು ಒಂದು ಮಾಡಿ ಉಳಿತಾಯ ಮಾಡಿದ ಜಾಣೆ ತಾನೇ ಎಂದು ನೆನೆದು ತನ್ನ ತಲೆಗೆ ತಾನೇ ಮೊಟಕಿಕೊಳ್ಳಬೇಕೆನ್ನಿಸಿತು.

ಅಷ್ಟರಲ್ಲಿ ಅವಳಿಗೆ ಇನ್ನೊಂದು ಯೋಚನೆ ಬಂತು. ಈ ಐದಾರು ತಿಂಗಳಿಂದ ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೋದಾಗೆಲ್ಲ ಬೀಗಿತ್ತಿಯನ್ನು ಊಟ ಆಯ್ತಾ ಎಂದು ಕೇಳುತ್ತಿದ್ದಳು. ಅವರು ಆಯ್ತು ಎನ್ನುತ್ತಿದ್ದರು. ಇವಳು ಉಳಿದಿದ್ದನ್ನೆಲ್ಲ ಬಡಿಸಿಕೊಂಡು ಪಾತ್ರೆ ತೊಳೆಯಲು ಹಾಕುತ್ತಿದ್ದಳು.

"ಬೀಗರೇ, ಒಂದು ಮಾತು ಕೇಳ್ತೀನಿ. ಊಟ ಆಯ್ತು ಅಂತ ದಿನಾ ಅಂತಿದ್ರಲ್ಲ. ನಿಜವಾಗ್ಲೂ ಆಗಿರ್ತಿತ್ತಾ?"

ಬೀಗಿತ್ತಿ ತೂಕದ ಯಂತ್ರದ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. "ಎಷ್ಟೋ ದಿನ ಆಗಿರ್ತಿತ್ತು," ಎಂದರು.

ಅಂಗಡಿಯಮ್ಮನಿಗೆ ತುಂಬ ನಾಚಿಕೆಯಾಯಿತು. ತನ್ನ ಬೈಗುಳಕ್ಕೆ ಹೆದರಿ ಓಡಿಹೋದವರನ್ನು ಲೆಕ್ಕ ಇಟ್ಟು ನಗುತ್ತಿದ್ದವಳಿಗೆ, ಬೈಯದೆಯೇ ಒಬ್ಬರನ್ನು ತನ್ನ ಮನೆಯಲ್ಲೇ ಹಸಿದು ಮಲಗಿಸಿದ್ದು ಗೊತ್ತೇ ಆಗಿರಲಿಲ್ಲ. ಬಾಗಿಲು ಅರ್ಧ ಎಳೆದು, ತಾನು ತಂದಿದ್ದ ಊಟದ ಡಬ್ಬಿ ಬಿಚ್ಚಿ, ಎರಡು ಪಾಲು ಮಾಡಿದಳು. ಇಬ್ಬರೂ ಉಂಡರು. ಉಂಡು ಕೈ ತೊಳೆದ ಮೇಲೆ ಬೀಗಿತ್ತಿಯೇ ಮೊದಲು ಮಾತಾಡಿದರು.

"ಆ ಹುಡುಗರಿಗೆಲ್ಲ ಬೈತಿದ್ರಂತಲ್ಲ, ಹಂಗೇ ಬೈದು ಕಲಿಸಿ ನಂಗೂ. ಈ ಗಲ್ಲಾದಲ್ಲಿ ಕೂರ್ಬೇಕು ಅಂತ ನಂಗೆ ಆಸೆ ಇದೆ."

"ನಿಮ್ಗೆ ಬೈಯೋದಾ? ಬಾಯಿ ಬರಲ್ಲ ಬೀಗರೇ."

"ಹಂಗಾದ್ರೆ ನಾನು ಆಯ್ತು ಅನ್ನಲ್ಲ, ನೀವು ಆಯ್ತಾ ಅಂತ ಕೇಳ್ಬೇಡಿ."

ಅಂದು ಸಂಜೆ ಸೊಸೆ ಹಾಳೆಯ ಗತಿ ನೋಡಿ ಹಣೆ ಹಿಡಿದುಕೊಂಡಳು. ಹೊಸ ಹಾಳೆ ಬಂತು, ಮೂರು ಕಾಲಮ್ಮಿನದು. ಉಳಿದ ವಾರದಲ್ಲಿ ಎಲ್ಲವನ್ನೂ ಮೊದಲಿನಿಂದ ಕಲಿಸಬೇಕಿತ್ತು. ಸೊಸೆ ಒಂದು ನಿಯಮ ಹಾಕಿದಳು: ಮೊದಲೆರಡು ಕಾಲಂ ಮುಗಿದ ಮೇಲೆ ಅತ್ತೆ ಗಲ್ಲಾದ ಆಚೆ ಗಿರಾಕಿ ನಿಲ್ಲುವ ಕಡೆ ಕೂರಬೇಕು, ಕೈ ಮುಂದೆ ಚಾಚಬಾರದು.

ಕೈ ಚಾಚದೆ ಕೂರುವುದು ಎಂಥ ಶಿಕ್ಷೆಯೆಂದು ಅಂಗಡಿಯಮ್ಮನಿಗೆ ಆಗ ಗೊತ್ತಾಯಿತು. ಬೀಗಿತ್ತಿ ಒಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಗೆರೆಗೆರೆಯ ಗುರುತು ಎಲ್ಲಿದೆ ಎಂದು ಸುತ್ತ ತಿರುಗಿಸಿ ಹುಡುಕುವಾಗ ಇವಳ ಬೆರಳುಗಳು ಮಡಿಲಲ್ಲಿ ಕುಣಿಯುತ್ತಿದ್ದವು. ಸೆರಗಿನೊಳಗೆ ಕೈ ಸುತ್ತಿಟ್ಟುಕೊಂಡಳು. ಗಿರಾಕಿಗಳು ಚಳಿಯೇನಮ್ಮ ಎಂದು ಕೇಳಿದರು.

ಅದಕ್ಕಿಂತ ಕಷ್ಟವಾದದ್ದು ಬೀಗಿತ್ತಿಯ ಪ್ರಶ್ನೆಗಳು. ಬಾಯಿ ತೆರೆದ ಮೇಲೆ ಅವರು ನಿಲ್ಲಿಸಲೇ ಇಲ್ಲ. ನೋಟು ಯಾಕೆ ಹೊರಗಿಡಬೇಕು? ಚಿಲ್ಲರೆ ಕೊಡುವಾಗ ನಾನು ಕೊಟ್ಟಿದ್ದು ದೊಡ್ಡ ನೋಟು ಎಂದು ಯಾರಾದರೂ ಅಂದರೆ ತೋರಿಸಲು. ಫೋನಿನಲ್ಲಿ ದುಡ್ಡು ಹಾಕಿದೆ ಎಂದು ಗಿರಾಕಿ ತನ್ನ ಪರದೆ ತೋರಿಸಿದರೆ ಸಾಲದೇ? ಸಾಲದು, ನಮ್ಮ ಕಡೆ ಬಂತು ಎಂದು ನಮ್ಮ ಯಂತ್ರವೇ ಹೇಳಬೇಕು. ಇಷ್ಟಕ್ಕೆಲ್ಲ ಅಂಗಡಿಯಮ್ಮನ ಹತ್ತಿರ ಉತ್ತರವಿತ್ತು.

"ಒಂದು ಸೋಪು ಎರಡು ಸಲ ಟುಂಯ್ ಅಂದುಬಿಡ್ತು ಅನ್ಕೊಳ್ಳಿ. ಒಂದನ್ನ ಹೆಂಗೆ ತೆಗೆಯೋದು?"

ಅಂಗಡಿಯಮ್ಮ ನಿಜ ಒಪ್ಪಿಕೊಳ್ಳಬೇಕಾಯಿತು. ಯಂತ್ರ ಬಂದು ಮೂರು ವರ್ಷವಾಗಿತ್ತು. ಅವಳಿಗೆ ಅದು ಇವತ್ತಿಗೂ ಬರುತ್ತಿರಲಿಲ್ಲ. ಹೆಚ್ಚಿಗೆ ಬಿದ್ದ ಸಾಮಾನಿನ ದುಡ್ಡು ತಾನೇ ಹಾಕಿ, ಆ ಸಾಮಾನನ್ನು ತಾನೇ ಮನೆಗೆ ಒಯ್ಯುತ್ತಿದ್ದಳು.

"ಅದಕ್ಕೇನಾ," ಎಂದರು ಬೀಗಿತ್ತಿ ನಿಧಾನವಾಗಿ, "ನಮ್ಮ ಬಚ್ಚಲಲ್ಲಿ ಅಷ್ಟೊಂದು ಸೋಪು?"

ಅಂಗಡಿಯಮ್ಮನಿಗೆ ಮೊದಲು ಸಿಟ್ಟು ಬಂತು, ಅದರ ಬೆನ್ನಿಗೇ ನಗು ಬಂತು. ಸ್ಟೂಲಿನಿಂದ ಬೀಳುವಷ್ಟು ನಕ್ಕಳು. ಬೀಗಿತ್ತಿಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸೊಸೆಗೆ ಫೋನು ಮಾಡಿ, ಒಬ್ಬರು ಕೇಳಿ ಒಬ್ಬರು ಒತ್ತಿ, ಸಾಲು ರದ್ದು ಮಾಡುವುದನ್ನು ಇಬ್ಬರೂ ಕಲಿತರು. ಆ ಸಾಲಿನ ಮೂರನೆಯ ಕಾಲಮ್ಮಿನಲ್ಲಿ ಎರಡು ಟಿಕ್ ಬಿತ್ತು. ಒಂದು ಕಲಿಸುವವಳದು.

ಬೈಗುಳವೂ ಬಿತ್ತು. ಬೀಗಿತ್ತಿ ಡಬ್ಬಿಯ ತೂಕ ಕಳೆಯದೆ ಬೇಳೆ ತೂಗಿದಾಗ, "ಡಬ್ಬೀನೂ ಬೇಯಿಸ್ಕೊಂಡು ತಿನ್ನಬೇಕಾ ಆ ಮನುಷ್ಯ?" ಎಂದುಬಿಟ್ಟಳು ಅಂಗಡಿಯಮ್ಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬೀಗಿತ್ತಿ ಅಳಲಿಲ್ಲ, ಓಡಿಹೋಗಲಿಲ್ಲ. ಸೊನ್ನೆ ಒತ್ತಿ ಮತ್ತೆ ತೂಗಿದರು. ಅವತ್ತು ಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು, ಸಾರಿಗೆ ಉಪ್ಪು ಸಾಲದು ಎಂದು ತಾವಾಗಿಯೇ ಹೇಳಿದರು. ಸಾರು ಮಾಡಿದ್ದು ಅಂಗಡಿಯಮ್ಮ.

ಇಷ್ಟಾದರೂ ಅಂಗಡಿಯಮ್ಮನ ಭಯ ಹೋಗಿರಲಿಲ್ಲ. ಯಂತ್ರ ಕಲಿಯುವುದು ಒಂದು. ಬಿಲ್ಲಿಲ್ಲದೆ ಸಾಮಾನು ವಾಪಸು ತರುವವರು, ನಾಳೆ ಕೊಡ್ತೀನಿ ಎನ್ನುವವರು, ಇಷ್ಟಕ್ಕೇ ಕೊಡಿ ಎಂದು ಕೂರುವವರು, ಇವರ ಮುಂದೆ ಗಟ್ಟಿಯಾಗಿ ನಿಲ್ಲುವುದು ಇನ್ನೊಂದು. ಎಲ್ಲರಿಗೂ ಆಯ್ತು ಎನ್ನುವ ಈ ಮೆತ್ತಗಿನ ಮನುಷ್ಯರನ್ನು ಕೂರಿಸಿ ಹೋದರೆ ತಾನು ಮರಳಿ ಬರುವಷ್ಟರಲ್ಲಿ ಕಪಾಟು ಮಾತ್ರ ಉಳಿದಿರುತ್ತದೆ ಎಂದು ರಾತ್ರಿ ಹೊರಳಾಡಿದಳು. ಆಪರೇಷನ್ ಬಿಟ್ಟೇ ಬಿಡೋಣ ಎಂದೂ ಯೋಚಿಸಿದಳು.

ಹಾಳೆಯ ಕೊನೆಯ ದಿನ ಅವಳು ಅಂಗಡಿಯಿಂದ ದೂರ ಇರಬೇಕಿತ್ತು. ಮಧ್ಯಾಹ್ನದವರೆಗೆ ಹೇಗೋ ತಡೆದುಕೊಂಡಳು. ಆಮೇಲೆ ಆಸ್ಪತ್ರೆಗೆ ಬೇಕಾದ ಟವಲ್ಲು, ಹಣ್ಣು ತರುವ ನೆಪ ಹೂಡಿ ಹೊರಟಳು. ಕೈಯಲ್ಲಿ ದುಡ್ಡಿರಲಿಲ್ಲ, ದಾರಿಯಲ್ಲಿ ಅಂಗಡಿ ಇತ್ತು, ಇದಕ್ಕೆ ಯಾರು ಏನು ಮಾಡಿಯಾರು.

ಅಂಗಡಿಯಲ್ಲಿ ನಾಲ್ಕೈದು ಜನ ಸಾಲಿನಲ್ಲಿದ್ದರು. ಬೀಗಿತ್ತಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬಿಲ್ಲು ಹೊಡೆಯುತ್ತಿದ್ದರು. ಅವಸರವಿರಲಿಲ್ಲ, ತಡವರಿಕೆಯೂ ಇರಲಿಲ್ಲ. ಚಿಲ್ಲರೆಗೆಂದು ಪೆಟ್ಟಿಗೆ ತೆರೆದುಕೊಂಡ ಹೊತ್ತು ನೋಡಿ ಅಂಗಡಿಯಮ್ಮ ಪಕ್ಕದಿಂದ ನುಗ್ಗಿ, ಅಷ್ಟು ವರ್ಷದ ಅಭ್ಯಾಸದಂತೆ ಎರಡು ನೋಟಿಗೆ ಕೈ ಹಾಕಿದಳು.

ಬೀಗಿತ್ತಿ ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಆಗಲ್ಲ," ಎಂದರು.

"ಏನಾಗಲ್ಲ?"

"ಹಿಂಗೆ ತೆಗೆಯೋದು ಆಗಲ್ಲ. ಯಾರೇ ದುಡ್ಡು ತೆಗೆದ್ರೂ ಚೀಟಿ ಬರೆದು ಸಹಿ ಹಾಕ್ಬೇಕು. ಇಲ್ದಿದ್ರೆ ರಾತ್ರಿ ತಾಳೆ ಬರಲ್ಲ."

"ನನ್ನಂಗಡಿ ಕಣ್ರೀ ಇದು."

"ನಿಮ್ದೇ. ಆದ್ರೆ ಇವತ್ತು ಗಲ್ಲಾ ನಂದು."

ಸಾಲಿನಲ್ಲಿದ್ದವರೆಲ್ಲ ಉಸಿರು ಹಿಡಿದು ನೋಡಿದರು. ಅಂಗಡಿಯಮ್ಮನ ನಾಲಿಗೆ ಅವರಿಗೆಲ್ಲ ಗೊತ್ತಿತ್ತು. ಅವಳ ಮುಖ ಕೆಂಪಾಯಿತು. ಅವಳ ಅಂಗಡಿಯಲ್ಲಿ, ಅವಳ ಗಿರಾಕಿಗಳ ಮುಂದೆ, ಅವಳ ಕೈ ಹಿಡಿದು ಇಲ್ಲ ಎಂದವರು ಈ ಭೂಮಿಯ ಮೇಲೆ ಇದುವರೆಗೆ ಹುಟ್ಟಿರಲಿಲ್ಲ. ಇವರಿಗೆ ತನ್ನನ್ನೇ ತಡೆಯುವುದಕ್ಕೆ ಆಗುತ್ತದೆಂದರೆ ಇನ್ನು ಯಾವ ಗಿರಾಕಿಗೆ ಹೆದರುತ್ತಾರೆ? ಅವಳು ಮೆಲ್ಲಗೆ ಕೈ ಹಿಂದೆಗೆದುಕೊಂಡಳು. ಪೆಟ್ಟಿಗೆ ಮುಚ್ಚಿಕೊಂಡಿತು.

ಅಂಗಡಿಯಮ್ಮ ಬೇಳೆ ಮೂಟೆಯ ಮೇಲೆ ಕಾಗದ ಇಟ್ಟುಕೊಂಡು ಚೀಟಿ ಬರೆದಳು. ಬರೆದು, ಸಹಿ ಹಾಕಿ, ಒಪ್ಪಿಸುವವಳ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಬೀಗಿತ್ತಿ ಅದನ್ನು ಬೆಳಕಿಗೆ ಹಿಡಿದು ಪೂರ್ತಿ ಓದಿದರು, ಓದಿ ವಾಪಸು ಕೊಟ್ಟರು.

"ತಾರೀಕು ಹಾಕಿಲ್ಲ. ಹಾಕ್ಕೊಂಡು ಬನ್ನಿ. ಮುಂದಿನವ್ರು ಬನ್ನಿ."

ಅಂಗಡಿಯಮ್ಮ ತಾರೀಕು ಹಾಕಿ, ಮಂಡಿ ನೋವು ನುಂಗಿಕೊಂಡು, ಸಾಲಿನ ಕೊನೆಗೆ ಹೋಗಿ ನಿಂತಳು. ಮುಂದಿದ್ದವರು ನೀವು ಹೋಗಿ ಎಂದು ದಾರಿ ಬಿಟ್ಟರೂ ಹೋಗಲಿಲ್ಲ. ಕಣ್ಣು ತುಂಬಿ ಬಂದಿತ್ತು, ಅದು ಒಣಗುವುದಕ್ಕೆ ಅವಳಿಗೆ ಅಷ್ಟು ಹೊತ್ತು ಬೇಕಾಗಿತ್ತು.